ಸಕ್ಕರೆ ಊರಿಗೆ, ಕೂಸಿನ ಮುಖ ಮನೆಗೆ

ನನ್ನ ತಂಗಿಯ ಚೊಚ್ಚಲ ಹೆರಿಗೆ ಬೀದರಿನಲ್ಲಿ ಆಯಿತು. ನಮ್ಮ ತವರು ಭಾಲ್ಕಿ, ಅವಳ ಗಂಡನ ಮನೆ ಔರಾದ, ನಾನಿರುವುದು ಬೀದರಿನಲ್ಲಿ. ಮೂರೂ ಕಡೆಯವರು ಆಸ್ಪತ್ರೆಯ ವರಾಂಡದಲ್ಲಿ ಊಟ ಬಿಟ್ಟು ಕೂತಿದ್ದೆವು. ಸಿಸ್ಟರ್ ಹಸಿರು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತಂದು, "ಹೆಣ್ಣು ಕೂಸು ನೋಡ್ರಿ, ಎರಡು ಕೆಜಿ ಒಂಬೈನೂರು" ಅಂದರು. ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ನಾನು ಫೋನು ತೆಗೆದು ಫೋಟೋ ಹೊಡೆದೆ. ಕೂಸು ಭೂಮಿಗೆ ಬಂದು ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಕಣ್ಣನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಆ ಫೋಟೋವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಗ್ರೂಪಿನಲ್ಲಿ 46 ಮಂದಿ. ಸಂಜೆಯೊಳಗೆ ತಂಗಿಯ ಮೈದುನ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿದ. ಔರಾದದಲ್ಲಿ ಅವನದು ರಿಚಾರ್ಜ್ ಅಂಗಡಿ. ತಾಲ್ಲೂಕಿನ ಎಷ್ಟೋ ಹಳ್ಳಿಯವರ ನಂಬರು ಅವನ ಫೋನಿನಲ್ಲಿವೆ, ಅವನ ನಂಬರು ಅವರ ಫೋನಿನಲ್ಲಿದೆ. ಕಾಕಾ ಸಮಾಜದ ಗ್ರೂಪಿಗೆ ದಾಟಿಸಿದರು. ತಂಗಿಯ ಗೆಳತಿ ಕಾಲೇಜು ಬ್ಯಾಚಿನ ಗ್ರೂಪಿಗೆ ಕಳಿಸಿದಳು. ರಾತ್ರಿ ಹತ್ತರ ಹೊತ್ತಿಗೆ ಹುಮನಾಬಾದಿನ ಪರಿಚಯದವರೊಬ್ಬರು ಅದೇ ಫೋಟೋ ನನಗೇ ಕಳಿಸಿ, "ಇದು ನಿಮ್ಮ ತಂಗಿ ಕೂಸಲ್ಲೇನ್ರಿ?" ಅಂತ ಕೇಳಿದರು. ನನಗೆ ಆಗ ಖುಷಿಯೇ ಆಯಿತು. ಸುದ್ದಿ ಎಷ್ಟು ಬೇಗ ಮುಟ್ಟಿತಲ್ಲ ಅಂದುಕೊಂಡೆ.

ಎಷ್ಟೋ ದಿನದ ಮೇಲೆ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕೂಸಿನ ಎಡಗೈಗೆ ಆಸ್ಪತ್ರೆಯವರು ಕಟ್ಟಿದ ಪಟ್ಟಿ ಇತ್ತು. ಅದರ ಮೇಲೆ ನೀಲಿ ಪೆನ್ನಿನಲ್ಲಿ ತಂಗಿಯ ಹೆಸರು, ಗಂಡನ ಹೆಸರು, ದಾಖಲಾತಿ ನಂಬರು, ತಾರೀಖು, ಹೊತ್ತು, ತೂಕ. ಅಕ್ಷರಗಳೆಲ್ಲ ಓದಲು ಬರುತ್ತಿದ್ದವು. ಹಿಂದೆ ನಾವು ಕೂತಿದ್ದ ಜಾಗದಲ್ಲಿ ತಾಯಿ ಕಾರ್ಡ್ ಬಿದ್ದಿತ್ತು. ಅದು ಮುಚ್ಚಿತ್ತು, ಪುಣ್ಯ. ತೆರೆದಿದ್ದರೆ ಮನೆ ವಿಳಾಸ, ಫೋನ್ ನಂಬರು ಎಲ್ಲ ಅದರ ಜೊತೆಗೇ ಹೋಗುತ್ತಿದ್ದವು.

ಎರಡನೆಯ ತಪ್ಪು ತೊಟ್ಟಿಲಿಗೆ ಹಾಕುವ ದಿನದ ಆಮಂತ್ರಣದಲ್ಲಿ ಆಯಿತು. ಈಗ ಯಾರೂ ಕಾರ್ಡ್ ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದಿಲ್ಲ. ಫ್ಲೆಕ್ಸ್ ಅಂಗಡಿಯವರು ಕಂಪ್ಯೂಟರಿನಲ್ಲಿ ಮಾಡಿಕೊಡುವ ಒಂದು ಚಿತ್ರ ಸಾಕು. ನಮ್ಮದರಲ್ಲಿ ಮೇಲೆ ದೇವರ ಚಿತ್ರ, ನಡುವೆ ಕೂಸಿನ ಮುಖ, ಅದರ ಕೆಳಗೆ ಕೂಸಿನ ಪೂರ್ತಿ ಹೆಸರು ಅಡ್ಡಹೆಸರಿನ ಸಮೇತ, ಹುಟ್ಟಿದ ತಾರೀಖು, ಹೊತ್ತು, ನಕ್ಷತ್ರ, ಹುಟ್ಟಿದ ಆಸ್ಪತ್ರೆ, ತಾಯಿ ತಂದೆಯ ಹೆಸರು, ಎರಡೂ ಕಡೆಯ ಮುತ್ಯಾ-ಆಯಿಗಳ ಹೆಸರು, ಮನೆಗೆ ಬರುವ ದಾರಿ, ಕೊನೆಗೆ ಮೂರು ಫೋನ್ ನಂಬರು. ಅವಸರದಲ್ಲಿ ಅಂಗಡಿಯವರು ಹುಟ್ಟಿದ ಹೊತ್ತನ್ನು ತಪ್ಪು ಹೊಡೆದಿದ್ದರು. ಕೂಸು ಹುಟ್ಟಿದ್ದು 2 ಗಂಟೆ 47 ನಿಮಿಷಕ್ಕೆ. ಕಾರ್ಡಿನಲ್ಲಿ 2:17 ಅಂತ ಬಂತು. ನಾವು ಸಣ್ಣ ತಪ್ಪು ಅಂತ ಬಿಟ್ಟೆವು.

ತೊಟ್ಟಿಲ ಕಾರ್ಯಕ್ರಮ ಮುಗಿದು ವಾರ ಕಳೆದಿರಲಿಲ್ಲ, ಬಾಣಂತಿಗೆ ಒಂದು ಕರೆ ಬಂತು. ಕರೆ ಮಾಡಿದವನು ಅಂಗನವಾಡಿ ಕಡೆಯಿಂದ ಅಂದ. ತಂಗಿಯ ಹೆಸರು, ಗಂಡನ ಹೆಸರು, ಕೂಸಿನ ಹೆಸರು, ಹುಟ್ಟಿದ ಆಸ್ಪತ್ರೆ, ತಾರೀಖು ಎಲ್ಲ ಪಟಪಟ ಹೇಳಿದ. "ಮಾತೃ ವಂದನಾದ್ದು ಐದು ಸಾವಿರ ಮಂಜೂರ್ ಆಗ್ಯಾವ್ರಿ, ಒಂದು ಮೆಸೇಜ್ ಬರ್ತದ, ಅದರಾಗ ಪಿನ್ ಹಾಕಿ ಒಪ್ಪಿಗಿ ಕೊಡ್ರಿ" ಅಂದ. ಯೋಜನೆ ಖರೇ ಇರುವುದು, ಮೊದಲ ಕೂಸಿಗೆ 5,000 ರೂಪಾಯಿ ಬರುವುದೂ ಖರೇ. ಅವಳು ಅರ್ಜಿ ಕೊಟ್ಟದ್ದೂ ಖರೇ. ಫೋನ್ ಪಿನ್ ಕೇಳುವ ಹೊತ್ತಿಗೆ ಅವ್ವ ಬಾಣಂತಿ ಕೋಣೆಯಲ್ಲಿ ಶೇಂಗಾ ಆರಿಸುತ್ತ ಕೂತವಳು, "ರೊಕ್ಕ ಬರೂದಕ್ಕ ಪಿನ್ ಯಾಕ್ ಬೇಕವಾ?" ಅಂತ ಕೇಳಿದಳು. ಅಷ್ಟಕ್ಕೇ ಉಳಿಯಿತು. ಯುಪಿಐನಲ್ಲಿ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಹೋಗುವಾಗ, ಬರುವಾಗ ಬೇಡ. ಯೋಜನೆಯ ಹಣ ಆಧಾರ್ ಜೋಡಿಸಿದ ಖಾತೆಗೆ ತಾನಾಗಿ ಬಂದು ಬೀಳುತ್ತದೆ. ಇಂಥ ಕರೆ ಬಂದರೆ 1930ಕ್ಕೆ ಹೇಳಬೇಕು ಅಂತ ಆಮೇಲೆ ತಿಳಿದುಕೊಂಡೆವು.

ಅವನಿಗೆ ಇಷ್ಟೆಲ್ಲ ಎಲ್ಲಿಂದ ಗೊತ್ತಾಯಿತು ಅಂತ ಮನೆಯಲ್ಲಿ ಮಾತು ನಡೆಯಿತು. ಆಸ್ಪತ್ರೆಯವರು ಹೇಳಿರಬೇಕು ಅಂತ ಒಬ್ಬರು, ಅಂಗನವಾಡಿಯಿಂದ ಹೋಗಿರಬೇಕು ಅಂತ ಇನ್ನೊಬ್ಬರು. ಆಗ ತಂಗಿ ನೆನಪಿಸಿಕೊಂಡು ಹೇಳಿದಳು: "ಅಕ್ಕ, ಅವ ಎರಡು ಹದಿನೇಳಕ್ಕ ಹುಟ್ಟ್ಯಾಳ ಅಂದ." ಆಸ್ಪತ್ರೆಯ ಕಾಗದದಲ್ಲಿ 2:47 ಇದೆ. ಅಂಗನವಾಡಿಯ ವಹಿಯಲ್ಲಿ ಹೊತ್ತೇ ಬರೆಸಿರಲಿಲ್ಲ. 2:17 ಇದ್ದದ್ದು ಲೋಕದಲ್ಲಿ ಒಂದೇ ಕಡೆ, ನಾವೇ ಖುಷಿಯಿಂದ ಊರಿಗೆಲ್ಲ ಕಳಿಸಿದ ಆ ಕಾರ್ಡಿನಲ್ಲಿ. ತಪ್ಪಾಗಿ ಅಚ್ಚಾದ ಆ ಮೂವತ್ತು ನಿಮಿಷ ನಮಗೆ ದಾರಿ ತೋರಿಸಿಕೊಟ್ಟಿತು.

ಆ ರಾತ್ರಿ ಅವ್ವ ತನ್ನ ಕಾಲದ ಮಾತು ತೆಗೆದಳು. ಕೂಸು ಹುಟ್ಟಿದ ದಿನ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಗಂಡಾದರೆ ಪೇಢೆ, ಹೆಣ್ಣಾದರೆ ಜಿಲೇಬಿ ಅನ್ನುವ ಮನೆಗಳೂ ನಮ್ಮ ಕಡೆ ಇವೆ. ಸಕ್ಕರೆ ಬಾಯಿಗೆ ಹಾಕಿಕೊಂಡವರಿಗೆ ಸುದ್ದಿ ಪೂರ್ತಿ ಮುಟ್ಟುತ್ತಿತ್ತು: ಇಂಥವರ ಮನೆಯಲ್ಲಿ ಕೂಸು, ತಾಯಿ ಮಗು ಆರಾಮ. ಆದರೆ ಕೂಸನ್ನು ಅವತ್ತೇ ನೋಡಲು ಯಾರಿಗೂ ಸಿಗುತ್ತಿರಲಿಲ್ಲ. ಬಾಣಂತಿ ಕೋಣೆಗೆ ಹೋಗುವವರು ಎಣಿಸಿದಷ್ಟು ಮಂದಿ. ಹೋದವರೂ ಕಾಲು ತೊಳೆದು ಹೋಗಬೇಕು. ಕೂಸಿಗೆ ಕುಂಚಿಗೆ, ಗಲ್ಲದ ಮೇಲೆ ಕಾಡಿಗೆಯ ಬೊಟ್ಟು. ನದರು ಹತ್ತಬಾರದು ಅನ್ನುವುದು ಮೇಲಿನ ಮಾತು. ಹಸಿ ಮೈಯ ಕೂಸಿಗೆ ಹತ್ತು ಕಡೆಯ ಕೈ ತಾಗಬಾರದು ಅನ್ನುವುದು ಒಳಗಿನ ಬುದ್ಧಿ.

ಐದನೆಯ ರಾತ್ರಿ ಶೆಟಿಗೆವ್ವನ ಪೂಜೆ. ನಮ್ಮ ಮನೆಯಲ್ಲಿ ದೀಪದ ಮುಂದೆ ಒಂದು ಖಾಲಿ ಹಾಳೆ, ಒಂದು ಪೆನ್ನು ಇಟ್ಟು ಮಲಗುತ್ತಾರೆ. ಅವಳು ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಅನ್ನುವ ನಂಬಿಕೆ. ಬೆಳಿಗ್ಗೆ ಹಾಳೆ ಖಾಲಿಯೇ ಇರುತ್ತದೆ. ಬರೆದದ್ದು ಹಡೆದವರಿಗೂ ಓದಲು ಬರುವುದಿಲ್ಲ, ಅದು ಕೂಸಿನದು. ಹೆಸರಂತೂ ಎಲ್ಲಕ್ಕಿಂತ ಕೊನೆಗೆ. ಅದನ್ನೂ ಸೋದರತ್ತೆ ಮೊದಲು ಕೂಸಿನ ಕಿವಿಯಲ್ಲೇ ಹೇಳುತ್ತಾಳೆ. ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತ ನಗುವಾಗ ಹೆಸರು ಹೊರಗೆ ಬರುತ್ತದೆ. ಪಕ್ಕದ ಓಣಿಯ ಮುಸ್ಲಿಂ ಮನೆಗಳಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಆಜಾನ್ ಹೇಳಿ, ಏಳನೆಯ ದಿನ ಅಖೀಖಾ ಮಾಡಿ ಹೆಸರಿಡುತ್ತಾರೆ. ಔರಾದದ ಮರಾಠಿ ಮನೆಗಳಲ್ಲಿ ಹನ್ನೆರಡನೆಯ ದಿನ ಬಾರಸೆ.

ಇದನ್ನೆಲ್ಲ ಕೇಳುತ್ತ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಹಿರಿಯರಲ್ಲಿ ಇದಕ್ಕೊಂದು ಕ್ರಮ ಇತ್ತು. ಸುದ್ದಿ ಮೊದಲ ದಿನ, ಎಲ್ಲರಿಗೂ. ಮುಖ ಆಮೇಲೆ, ಬಂದು ನೋಡಿದವರಿಗೆ. ಹೆಸರು ಕೊನೆಗೆ, ಮೊದಲು ಕಿವಿಗೆ. ನನ್ನ ಕೈಯ ಫೋನು ಸುದ್ದಿ, ಮುಖ ಎರಡನ್ನೂ ಒಂದೇ ಗಂಟೆಗೆ ತಂದಿತ್ತು, ಆಮೇಲೆ ಆಮಂತ್ರಣ ಮೂರನ್ನೂ ಒಂದೇ ಚಿತ್ರದಲ್ಲಿ ಕಟ್ಟಿಹಾಕಿತ್ತು. ಸಂಭ್ರಮ ಕಡಿಮೆ ಮಾಡುವ ಮಾತೇ ಇಲ್ಲ. ಮೂರನ್ನೂ ಮತ್ತೆ ಬಿಡಿಸಿ ಅವುಗಳ ಜಾಗದಲ್ಲಿ ಇಡಬೇಕು ಅನಿಸಿತು.

ಈ ವರ್ಷ ತಂಗಿಗೆ ಎರಡನೆಯ ಕೂಸು ಆಗುವ ಮುಂಚೆಯೇ ನಾವು ಮನೆಯವರು ಕೂತು ಮಾತಾಡಿಕೊಂಡೆವು. ಮೊದಲ ದಿನದ ಸುದ್ದಿ ಬರೀ ಅಕ್ಷರದಲ್ಲಿ ಹೋಗಬೇಕು, ಅದನ್ನು ತಂಗಿಯ ಗಂಡನೇ ಕಳಿಸಬೇಕು ಅಂತ ಠರಾಯಿಸಿದೆವು. ಹೆರಿಗೆಗೆ ಹೋಗುವ ಮೊದಲೇ ಅವರಿಬ್ಬರೂ ಬರೆದಿಟ್ಟುಕೊಂಡ ಸಂದೇಶ ಹೀಗಿತ್ತು:

"ಬಸವಣ್ಣನ ಕೃಪಾದಿಂದ ನಮ್ಮ ಮನಿಗಿ ಇನ್ನೊಂದು ಕೂಸು ಬಂದದ. ಅವ್ವ, ಕೂಸು ಇಬ್ಬರೂ ಆರಾಮ ಅದಾರ. ಅಕ್ಕಗ ಭಾಳ ಖುಷಿ ಆಗ್ಯದ. ತಿಂಗಳು ಕಳೆದ ಮ್ಯಾಗ ನೋಡ್ಲಿಕ್ಕ ಬರ್ರಿ, ಹಾದಿ ನೋಡ್ತೀವಿ. ಕೂಸಿನ ಫೋಟೋ ನಿಮಗ ನಾವೇ ಕಳಸ್ತೀವಿ, ದಯಮಾಡಿ ಸ್ಟೇಟಸ್‌ಗಿ ಹಾಕಬ್ಯಾಡ್ರಿ."

ಇದರಲ್ಲಿ ಕೂಸು ಗಂಡೋ ಹೆಣ್ಣೋ, ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ, ಎಷ್ಟು ತೂಕ, ಒಂದೂ ಇಲ್ಲ. ಕೇಳಬೇಕಾದವರು ಫೋನ್ ಮಾಡಿ ಕೇಳಿದರು, ಬಾಯಿಂದ ಹೇಳಿದೆವು. ಬಾಯಿಂದ ಹೇಳಿದ್ದು ಫಾರ್ವರ್ಡ್ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಈ ಸಲ ನಮ್ಮ ಮನೆಗೆ ಬಂದಷ್ಟು ಕರೆಗಳು ಮೊದಲ ಕೂಸಿಗೆ ಬಂದಿರಲಿಲ್ಲ. ಆಗ ಎಲ್ಲರೂ ಫೋಟೋದ ಕೆಳಗೆ ಒಂದು ಹೂವಿನ ಚಿತ್ರ ಒತ್ತಿ ಮುಗಿಸಿದ್ದರು. ಈ ಸಲ ಸೋದರಮಾವ ಲಾತೂರಿನಿಂದ ಫೋನು ಹಚ್ಚಿ ಅರ್ಧ ಗಂಟೆ ಅವ್ವನ ಜೊತೆ ಮಾತಾಡಿದರು.

ಫೋಟೋ ಬೇಡವೇ ಬೇಡ ಅನ್ನಲು ನನಗೆ ಮನಸ್ಸಿರಲಿಲ್ಲ. ಮೂರನೆಯ ದಿನ ಮನೆಗೆ ಬಂದ ಮೇಲೆ ಒಂದು ಫೋಟೋ ತೆಗೆದೆವು. ಕೈಪಟ್ಟಿ ಬಿಚ್ಚಿಯಾಗಿತ್ತು. ಮಂಚದ ಮೇಲಿನ ಕಾಗದ, ಔಷಧಿ ಚೀಟಿ, ತಾಯಿ ಕಾರ್ಡ್ ಎಲ್ಲ ಸರಿಸಿ, ಅವ್ವ ಹೊಲಿದ ಕೌದಿ ಹಾಸಿದೆವು. ಅಕ್ಕ ತನ್ನ ಪುಟ್ಟ ಕೈ ಚಾಚಿದಳು, ಕೂಸು ಅವಳ ತೋರುಬೆರಳನ್ನು ಹಿಡಿದುಕೊಂಡಿತು. ಅಕ್ಕನ ಕೈಯ ಹಸಿರು ಬಳೆ, ಕೂಸಿನ ಸುಕ್ಕು ಸುಕ್ಕು ಬೆರಳು, ಅದರ ಮೇಲೆ ಕುಂಚಿಗೆಯ ಕೆಂಪು ಅಂಚು, ಇಷ್ಟೇ ಕಾಣುತ್ತದೆ. ಊರಿಗೆಲ್ಲ ಹೋದದ್ದು ಈ ಚಿತ್ರ. ಮುಖದ ಫೋಟೋ ಇಲ್ಲ ಅಂತ ಯಾರೂ ಕೊರಗಲಿಲ್ಲ.

ಫೋಟೋದ ವಿಚಾರದಲ್ಲಿ ಕಣ್ಣಿಗೆ ಕಾಣದ ಒಂದು ಸಂಗತಿ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಪ್ರತಿ ಚಿತ್ರದ ಒಳಗೆ ಆ ಜಾಗದ ಅಕ್ಷಾಂಶ ರೇಖಾಂಶ ಸೇರಿಕೊಂಡಿರುತ್ತದೆ. ಬಾಣಂತಿ ಕೋಣೆಯಲ್ಲಿ ತೆಗೆದರೆ ಮನೆಯ ಗುರುತೇ ಅದರಲ್ಲಿ ಕೂತಂತೆ. ವಾಟ್ಸಾಪಿನಲ್ಲಿ ಫೋಟೋವನ್ನು ಫೋಟೋ ಅಂತಲೇ ಕಳಿಸಿದರೆ ಈ ಗುರುತು ಕಳಚಿ ಹೋಗುತ್ತದೆ, ಚಿತ್ರ ಸ್ವಲ್ಪ ಮಸುಕೂ ಆಗುತ್ತದೆ. ಮಸುಕಾಗಬಾರದು ಅಂತ ನಮ್ಮ ಹುಡುಗರು ಅದನ್ನೇ `Document` ಆಗಿ ಕಳಿಸುತ್ತಾರೆ. ಆಗ ಮೂಲ ಕಡತ ಹಾಗೇ ಹೋಗುತ್ತದೆ, ಜಾಗದ ಗುರುತಿನ ಸಮೇತ. ಡ್ರೈವಿಗೆ ಏರಿಸಿ ಲಿಂಕ್ ಕೊಟ್ಟರೂ ಅಷ್ಟೇ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ ತೆಗೆಯುವುದು ಒಂದು ದಾರಿ. ಮೊದಲೇ ತೆಗೆದ ಫೋಟೋ ಆದರೆ ಅದನ್ನು ಪರದೆಯ ಮೇಲೆ ತೆರೆದು ಸ್ಕ್ರೀನ್‌ಶಾಟ್ ಹೊಡೆದು, ಆ ಸ್ಕ್ರೀನ್‌ಶಾಟನ್ನು ಕಳಿಸಬೇಕು. ಅದರಲ್ಲಿ ಹಳೆಯ ಗುರುತು ಬರುವುದಿಲ್ಲ.

ಮುಖದ ಮೇಲೆ ಹೃದಯದ ಚಿತ್ರ ಅಂಟಿಸಿ ಹಾಕುವವರಿಗೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ. ಈಗಿನ ಫೋನುಗಳಲ್ಲಿ ಫೋಟೋದ ಜೊತೆಗೇ ಒಂದೆರಡು ಸೆಕೆಂಡಿನ ಚಲಿಸುವ ಚಿತ್ರವೂ ಅಡಗಿರುತ್ತದೆ. ಮೇಲೆ ಮುಚ್ಚಿದರೂ ಒಳಗಿನದು ತೆರೆದಿರಬಹುದು. ಮುಚ್ಚಿದ ಮೇಲೆ ಸ್ಕ್ರೀನ್‌ಶಾಟ್ ಹೊಡೆದರೆ ಆ ಪದರವೆಲ್ಲ ಬಿಟ್ಟುಹೋಗಿ ಕಂಡದ್ದಷ್ಟೇ ಉಳಿಯುತ್ತದೆ. ಕೈಪಟ್ಟಿಯ ಅಕ್ಷರವನ್ನು ತೆಳು ಬಣ್ಣದ ಹೈಲೈಟರಿನಿಂದ ತಿದ್ದಿದರೆ ಸಾಲದು, ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಮತ್ತೆ ಕಾಣುತ್ತದೆ. ಆ ಭಾಗವನ್ನು ಕತ್ತರಿಸಿ ತೆಗೆಯುವುದೇ ಸರಿ.

ಇನ್ನು ಯಾರಿಗೆ ಕಳಿಸುವುದು ಅನ್ನುವ ಪ್ರಶ್ನೆ. ಮುಖದ ಫೋಟೋಕ್ಕಾಗಿ ಹನ್ನೊಂದು ಮಂದಿಯ ಹೊಸ ಗ್ರೂಪ್ ಮಾಡಿದೆವು: ಎರಡೂ ಕಡೆಯ ಆಯಿ, ಭಾಲ್ಕಿಯ ಮುತ್ಯಾ, ಕಾಕಾ, ಸೋದರಮಾವ, ಅತ್ತೆ, ನಾನು ಮುಂತಾದವರು. ಆ ಗ್ರೂಪಿನ ಹೆಸರಿನ ಮೇಲೆ ಒತ್ತಿದರೆ `Advanced chat privacy` ಅಂತ ಒಂದು ಗುಂಡಿ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಚಿತ್ರಗಳು ಇತರರ ಫೋನಿನ ಗ್ಯಾಲರಿಗೆ ತಾವಾಗಿ ಇಳಿಯುವುದಿಲ್ಲ. ಇದು ಸಣ್ಣ ಮಾತಲ್ಲ, ಯಾಕೆಂದರೆ ಗ್ಯಾಲರಿಗೆ ಇಳಿದದ್ದು ಎಷ್ಟೋ ಫೋನುಗಳಲ್ಲಿ ಅವರಿಗೇ ಗೊತ್ತಿಲ್ಲದಂತೆ ಇಂಟರ್‌ನೆಟ್ಟಿನ ಖಾತೆಗೂ ಏರಿ ಕೂರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಮಾತ್ರ ಅದು ತಡೆಯುವುದಿಲ್ಲ. ಸ್ಟೇಟಸ್ ಹಾಕಲೇಬೇಕು ಅನ್ನುವವರಿಗೆ ಸ್ಟೇಟಸ್ ಪ್ರೈವಸಿಯಲ್ಲಿ `Only share with…` ಅನ್ನುವುದನ್ನು ಆರಿಸಿ, ಹೆಸರು ಗುರುತು ಹಾಕಿ ಕೊಟ್ಟೆವು. ಔರಾದದ ರಿಚಾರ್ಜ್ ಅಂಗಡಿಯ ಮೈದುನನ ಫೋನಿನಲ್ಲಿ ಅದನ್ನು ನಾನೇ ಕೂತು ಮಾಡಿಕೊಟ್ಟೆ. ತಪ್ಪಿ ಕಳಿಸಿದ್ದನ್ನು ಎಲ್ಲರಿಗೂ ಅಳಿಸಲು ವಾಟ್ಸಾಪ್ ಕೊಡುವ ಅವಕಾಶ ಸುಮಾರು ಎರಡೂವರೆ ದಿನ. ಅಷ್ಟರೊಳಗೆ ಯಾರಾದರೂ ಮುಂದೆ ದಾಟಿಸಿದ್ದರೆ ಆ ಪ್ರತಿಯ ಮೇಲೆ ನಮ್ಮ ಕೈ ನಡೆಯುವುದಿಲ್ಲ.

ಒಂದು ಫೋಟೋ ಮಾತ್ರ ಆ ಹನ್ನೊಂದು ಮಂದಿಗೂ ಹೋಗಬಾರದು ಅಂತ ತಂಗಿ ಗಟ್ಟಿಯಾಗಿ ಹೇಳಿದಳು: ಎರೆಯುವಾಗಿನದು. ಆಯಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಹಾಕಿಕೊಂಡು, ಎಣ್ಣೆ ತೀಡಿ ಬಿಸಿನೀರು ಹುಯ್ಯುವ ನೋಟ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಚೆಂದದ್ದು. ಅದನ್ನೇ ವಿಡಿಯೋ ಮಾಡಿ ಹಾಕುವವರು ಎಷ್ಟೋ ಮಂದಿ. ಮೈಮೇಲೆ ಬಟ್ಟೆ ಇಲ್ಲದ ಮಕ್ಕಳ ಚಿತ್ರಗಳನ್ನು ಹುಡುಕಿ ಕೂಡಿಡುವ ಕೆಟ್ಟ ಜನ ಲೋಕದಲ್ಲಿದ್ದಾರೆ, ಅವರ ಕೈಗೆ ಸಿಕ್ಕಿದ್ದು ತಿರುಗಿ ಬರುವುದಿಲ್ಲ. ಆ ನೋಟ ಬಚ್ಚಲ ಬಾಗಿಲಿನ ಒಳಗೇ ಇರಲಿ ಅಂದಳು. ಆಯಿ ಒಪ್ಪಿದರು. "ಎರಿಯೂ ಮುಂದ ಬಾಗಲಾ ಹಾಕ್ಕೋಬೇಕು ಅಂತ ನಾ ಮೊದಲಿಂದನೂ ಹೇಳ್ತೀನಿ" ಅಂದರು.

ಎಲ್ಲಕ್ಕಿಂತ ಕಷ್ಟದ್ದು ಬೀಗರ ಕಡೆಯವರಿಗೆ ಹೇಳುವುದು. ಔರಾದದ ಆ ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ತಂಗಿ ಹೇಳಿದರೆ "ಸೊಸಿ ನಮಗ ಕೂಸಿನ ಮುಖ ತೋರಸ್ಲಿಕ್ಕ ಬಿಡವಲ್ಲಳು" ಅಂತಾಗುತ್ತದೆ. ಅದಕ್ಕೇ ತಂಗಿಯ ಗಂಡನೇ ತಮ್ಮ ಅಣ್ಣಂದಿರಿಗೆ ಹೇಳಿದರು, ಅದೂ ಕೂಸು ಹುಟ್ಟುವ ಮೊದಲೇ, "ಫೋಟೋ ಸ್ಟೇಟಸ್‌ಲಾ ಟಾಕೂ ನಕಾ" ಅಂತ ಅವರದೇ ಮಾತಿನಲ್ಲಿ. ಕರೆ ಬಂದ ಕಥೆ, 2:17ರ ಕಥೆ ಹೇಳಿದ ಮೇಲೆ ದೊಡ್ಡ ಭಾವನವರು ತಾವೇ ಉಳಿದವರಿಗೆ ತಿಳಿಸಿದರು. ತನ್ನ ಮನೆಯವರಿಗೆ ತಾನೇ ಹೇಳಬೇಕು ಅನ್ನುವುದು ನಾವು ಕಲಿತದ್ದರಲ್ಲಿ ದೊಡ್ಡದು.

ಎಷ್ಟು ಜೋಪಾನ ಮಾಡಿದರೂ ಇನ್ನೊಬ್ಬರ ಕ್ಯಾಮೆರಾ ಅಂತ ಒಂದಿರುತ್ತದೆ. ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ತಮ್ಮ ಮಗಳು 2021ರ ಜನವರಿಯಲ್ಲಿ ಹುಟ್ಟಿದಾಗ ಸುದ್ದಿಯನ್ನು ತಾವೇ ಸಂತೋಷದಿಂದ ಹೇಳಿದರು, ಫೋಟೋ ತೆಗೆಯಬೇಡಿ ಅಂತ ಛಾಯಾಗ್ರಾಹಕರನ್ನು ಕೇಳಿಕೊಂಡರು. ಒಂದು ವರ್ಷ ಅದು ನಡೆಯಿತು. 2022ರ ಜನವರಿಯಲ್ಲಿ ಕೇಪ್‌ಟೌನಿನ ಒಂದು ದಿನದ ಪಂದ್ಯದಲ್ಲಿ ಗ್ಯಾಲರಿಯತ್ತ ತಿರುಗಿದ ಕ್ಯಾಮೆರಾ ಕೂಸಿನ ಮುಖ ತೋರಿಸಿಬಿಟ್ಟಿತು. ತಂದೆ ತಾಯಿ ಕೂಗಾಡಲಿಲ್ಲ. ಕ್ಯಾಮೆರಾ ನಮ್ಮ ಮೇಲಿದ್ದದ್ದು ತಿಳಿಯಲಿಲ್ಲ, ನಮ್ಮ ಕೋರಿಕೆ ಮೊದಲಿನಂತೆಯೇ ಇದೆ, ಚಿತ್ರ ಹಂಚಬೇಡಿ ಅಂತ ಮತ್ತೊಮ್ಮೆ ಬರೆದರು. ಒಮ್ಮೆ ಹೊರಗೆ ಬಿತ್ತು, ಇನ್ನೇನು ಅಂತ ಬಿಟ್ಟುಕೊಡಲಿಲ್ಲ. ಎರಡು ವರ್ಷದ ಮೇಲೆ ಮಗ ಹುಟ್ಟಿದಾಗಲೂ ಸುದ್ದಿ ಹೇಳಿ, ನಮ್ಮ ಖಾಸಗಿತನವನ್ನು ಗೌರವಿಸಿ ಅಂತ ಕೇಳಿಕೊಂಡರು.

ಕಾನೂನು ಎಲ್ಲಿಯವರೆಗೆ ಬರುತ್ತದೆ ಅಂತ ನನಗೆ ತಿಳಿಯಬೇಕಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಮೊಕದ್ದಮೆಯಲ್ಲಿ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಉಳಿದುಹೋಗುವ ಮಕ್ಕಳ ಹೆಜ್ಜೆಗುರುತಿನ ಬಗ್ಗೆ ಬೇರೆಯಾಗಿಯೇ ಕಾಳಜಿಯಿಂದ ಬರೆದರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲ ಕೊಟ್ಟಿದ್ದಾರೆ. 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಆ ಕಾಯ್ದೆ. ಕಂಪನಿ, ಆಸ್ಪತ್ರೆ, ಫೋಟೋ ಸ್ಟುಡಿಯೋದಂಥ ವ್ಯವಹಾರದವರಿಗೆ ಇದು ತಾಗುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ, ಮನೆಯ ಕೆಲಸಕ್ಕೆ ಬಳಸುವುದನ್ನು ಆ ಕಾಯ್ದೆ ಹೊರಗಿಟ್ಟಿದೆ. ಅಂದರೆ ಕಾಕಾ ಸಮಾಜದ ಗ್ರೂಪಿಗೆ ದಾಟಿಸಿದ ಫೋಟೋವನ್ನು ಈ ಕಾಯ್ದೆ ಹಿಡಿದುಕೊಡುವುದಿಲ್ಲ. ಅಲ್ಲಿ ಉಳಿಯುವುದು ಮನೆಯ ಮಾತೇ.

ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಇದಕ್ಕೇ ಒಂದು ಕಾನೂನು ಮಾಡಿ, ಮಕ್ಕಳ ಚಿತ್ರದ ಹಕ್ಕನ್ನು ತಂದೆ ತಾಯಿ ಇಬ್ಬರೂ ಕೂಡಿ ಕಾಯಬೇಕು ಅಂದಿದ್ದಾರೆ. ನಮ್ಮಲ್ಲಿ ಅಷ್ಟು ಇಲ್ಲ. ಇರುವುದನ್ನು ನಾವು ಸ್ಟುಡಿಯೋದಲ್ಲಿ ಬಳಸಿದೆವು. ತೊಟ್ಟಿಲ ಕಾರ್ಯಕ್ರಮಕ್ಕೆ ಕರೆದ ಫೋಟೋದವರಿಗೆ ಮುಂಗಡ ಕೊಡುವಾಗಲೇ, ಕೂಸಿನ ಫೋಟೋ ನಿಮ್ಮ ಪೇಜಿಗೂ ಅಂಗಡಿಯ ಗಾಜಿಗೂ ಹಾಕಬಾರದು ಅಂತ ಬಿಲ್ಲಿನ ಹಿಂದೆ ಬರೆಸಿಕೊಂಡೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೊದಲೇ ಹೇಳಿದ್ದು ಛಲೋ ಆಯ್ತು ಅಂದರು.

ಕೊನೆಗೆ ಹೆಸರು. ಕಾಗದಪತ್ರಕ್ಕಾಗಿ ಹೆಸರನ್ನು ಅವಸರದಿಂದ ಸಾರಬೇಕಾದ ಕಾರಣವೇ ಇಲ್ಲ. ಜನನ 21 ದಿನದೊಳಗೆ ನೋಂದಣಿಯಾಗಬೇಕು, ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರದ ತೂಕ ಇನ್ನೂ ಹೆಚ್ಚು. ಶಾಲೆ, ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ನೌಕರಿ, ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಸಾಕ್ಷಿ ಅದೊಂದೇ. ಆ ಪ್ರಮಾಣಪತ್ರದಲ್ಲಿ ಇರುವುದಾದರೂ ಏನು? ಹೆಸರು, ತಾರೀಖು, ಜಾಗ, ತಾಯಿ, ತಂದೆ, ವಿಳಾಸ. ನಮ್ಮ ಹಳೆಯ ಆಮಂತ್ರಣವನ್ನು ಅದರ ಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಅವೇ ಸಾಲುಗಳು. ಒಂದನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟು, ಇನ್ನೊಂದನ್ನು ಊರಿಗೆ ಹಂಚಿದ್ದೆವು.

ಈ ಸಲದ ಆಮಂತ್ರಣದಲ್ಲಿ ನಾಲ್ಕೇ ಸಾಲು: ನಮ್ಮ ಮನೆಯ ಕೂಸಿಗೆ ತೊಟ್ಟಿಲು ಹಾಕುತ್ತೇವೆ, ಇಂಥ ದಿನ, ಇಂಥ ಹೊತ್ತು, ಬಂದು ಹರಸಿ. ತಂದೆ ತಾಯಿಯ ಮೊದಲ ಹೆಸರು ಮಾತ್ರ. ಚಿತ್ರ ಅದೇ ಬೆರಳು ಹಿಡಿದದ್ದು. ಮನೆ ಗೊತ್ತಿದ್ದವರಿಗೇ ಕಳಿಸಿದ್ದರಿಂದ ವಿಳಾಸ ಬೇಕಾಗಲಿಲ್ಲ. ಒಂದಿಬ್ಬರು ಫೋನ್ ಮಾಡಿ ದಾರಿ ಕೇಳಿದರು. ಹೆಸರು ಏನು ಅಂತ ಮೊದಲೇ ಯಾರಿಗೂ ಹೇಳಿರಲಿಲ್ಲ. ಅದನ್ನು ಕೇಳಬೇಕಾದರೆ ಭಾಲ್ಕಿಗೆ ಬಂದು ತೊಟ್ಟಿಲ ಸುತ್ತ ನಿಲ್ಲಬೇಕಿತ್ತು. ನಿಂತರು. ಸೋದರತ್ತೆ ಕೂಸಿನ ಕಿವಿಗೆ ಬಗ್ಗಿದಾಗ ಮನೆಯೆಲ್ಲ ಗಪ್‌ಚಿಪ್ ಆಯಿತು; ಹಿಂದಿನ ಸಲ ಎಲ್ಲರಿಗೂ ಹೆಸರು ಕಾರ್ಡಿನಿಂದ ಗೊತ್ತಿತ್ತು, ಹಾಗೆ ಗಪ್ಪಾಗಿರಲಿಲ್ಲ.

ಔರಾದದ ಮುತ್ಯಾ ಅವರಿಗೆ ಮೊಣಕಾಲು ನೋವಿನಿಂದ ಬರಲಾಗಲಿಲ್ಲ. ಅವರಿಗೆ ಸ್ಮಾರ್ಟ್‌ಫೋನೂ ಇಲ್ಲ. ಬೀದರಿನ ಸ್ಟುಡಿಯೋದಲ್ಲಿ ಕೂಸಿನ ಮುಖದ ಫೋಟೋ ಒಂದನ್ನು ಅಂಗೈ ಅಗಲ ಪ್ರಿಂಟ್ ಹಾಕಿಸಿ, ತಂಗಿಯ ಗಂಡ ಬಸ್ಸಿನಲ್ಲಿ ಒಯ್ದು ಕೈಗೆ ಕೊಟ್ಟು ಬಂದರು. ಮುತ್ಯಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೆಹರು ಶರ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಅಮರೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತಾಗ ಪರಿಚಯದವರು ಬಂದರೆ ತೆಗೆದು ತೋರಿಸುತ್ತಾರಂತೆ. ನೋಡಿದವರು, "ನಿಮ್ಮಂಗ ಅದರಿ ಮೂಗು" ಅಂದರೆ ಇನ್ನೊಮ್ಮೆ ತಾವೂ ನೋಡುತ್ತಾರೆ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಮತ್ತೆ ಒಳಗಿಟ್ಟುಕೊಳ್ಳುತ್ತಾರೆ.